ಯಾವ ಬೆಂಕಿಗೆ ಯಾವ ಸಿಲಿಂಡರ್?

ಹೋದ ಸೆಮಿಸ್ಟರಿನ ಒಂದು ಶನಿವಾರ ಸಂಜೆ ನಮ್ಮ ಹಾಸ್ಟೆಲ್ ಮೆಸ್ಸಿನಲ್ಲಿ ಮಿರ್ಚಿ ಬಜ್ಜಿ ಅಂತ ಬೋರ್ಡಿನ ಮೇಲೆ ಬರೆದಿದ್ದರು. ತಟ್ಟೆ ಹಿಡಿದು ನಾವು ಏಳೆಂಟು ಜನ ಆಗಲೇ ಸಾಲಿನಲ್ಲಿ ನಿಂತಿದ್ದೆವು. ಒಳಗೆ ದೊಡ್ಡ ಬಾಣಲೆಯಲ್ಲಿ ಏಳೆಂಟು ಲೀಟರ್ ಎಣ್ಣೆ ಕಾಯ್ತಾ ಇತ್ತು. ಕಡಲೆಹಿಟ್ಟು ಸಾಲದು ಅಂತ ಭಟ್ರು ಉಗ್ರಾಣಕ್ಕೆ ಹೋದರು. ಒಲೆ ಉರೀತಾನೇ ಇತ್ತು.

ಮೊದಲು ಕಂಡಿದ್ದು ಹೊಗೆ. ತೆಳ್ಳಗಿದ್ದ ಹೊಗೆ ನೋಡ್ತಾ ನೋಡ್ತಾ ದಪ್ಪಗಾಯಿತು, ಕಣ್ಣು ಉರಿಯೋಕೆ ಶುರುವಾಯಿತು. ಆಮೇಲೆ ಯಾರೂ ಕಡ್ಡಿ ಗೀರದೇನೇ ಎಣ್ಣೆಯ ಮೇಲ್ಮೈ ಪೂರ್ತಿ ಒಂದೇ ಸಲ ಹತ್ತಿಕೊಂಡಿತು. ಪಾತ್ರೆ ತೊಳೆಯುತ್ತಿದ್ದ ಹುಡುಗ ಕೈಗೆ ಸಿಕ್ಕ ನೀರಿನ ಬಕೆಟ್ ಎತ್ತಿಕೊಂಡು ಓಡಿ ಬಂದ. ಅಷ್ಟರಲ್ಲಿ ವಾಪಸ್ ಬಂದ ಭಟ್ರು, "ಏ, ನೀರು ಬೇಡ್ವೋ! ನೀರು ಹಾಕ್ಬೇಡ!" ಅಂತ ಕೂಗಿ ಅವನ ರಟ್ಟೆ ಹಿಡಿದು ಎಳೆದರು. ಆ ಒಂದು ಎಳೆತದಿಂದ ಅವತ್ತು ಅವನ ಮುಖ ಉಳಿಯಿತು.

ಮುಂದಿನ ತಪ್ಪು ನಮ್ಮ ಕಡೆಯದು. ಫೈನಲ್ ಇಯರಿನ ಒಬ್ಬರು ಕಾರಿಡಾರಿನಲ್ಲಿ ನೇತುಹಾಕಿದ್ದ ಎಬಿಸಿ ಪೌಡರ್ ಸಿಲಿಂಡರ್ ತಂದು, ಬಾಣಲೆಯಿಂದ ಒಂದೂವರೆ ಅಡಿ ದೂರದಲ್ಲಿ ನಿಂತು ನೇರವಾಗಿ ಎಣ್ಣೆಗೇ ಹೊಡೆದರು. ರಭಸಕ್ಕೆ ಎಣ್ಣೆ ಚಿಮ್ಮಿ ಅವರ ಮುಂಗೈ ಸುಟ್ಟಿತು. ಅಡುಗೆಮನೆಯೆಲ್ಲ ಹಳದಿ ಧೂಳು. ಆದರೂ ಬೆಂಕಿ ಆರಿತು, ನಾವೆಲ್ಲ ಉಸ್ಸಪ್ಪಾ ಅಂದೆವು. ಹತ್ತು ಹದಿನೈದು ಸೆಕೆಂಡು ಆಗಿರಬೇಕು, ಬಾಣಲೆ ತನ್ನಷ್ಟಕ್ಕೆ ತಾನೇ ಮತ್ತೆ ಭಗ್ ಅಂತ ಹತ್ತಿಕೊಂಡಿತು. ಸಿಲಿಂಡರ್ ಖಾಲಿಯಾಗಿತ್ತು. ಕೊನೆಗೆ ಭಟ್ರು ಗ್ಯಾಸಿನ ಮೇನ್ ವಾಲ್ವ್ ತಿರುಗಿಸಿ, ಅನ್ನ ಬಸಿಯುವ ಅಗಲವಾದ ತಟ್ಟೆಯನ್ನು ಪಕ್ಕದಿಂದ ಜಾರಿಸಿ ಬಾಣಲೆಗೆ ಮುಚ್ಚಿದರು. ಬೆಂಕಿ ಸತ್ತಿದ್ದು ಆಗ.

ನಾಲ್ಕು ವರ್ಷ ಇಂಜಿನಿಯರಿಂಗ್ ಓದುವ ನಮಗೆ ಗೊತ್ತಿಲ್ಲದ್ದು ಭಟ್ರಿಗೆ ಗೊತ್ತಿತ್ತು. ಆ ನಾಚಿಕೆಯಿಂದಲೇ ಈ ಲೇಖನ. ಆ ಸಿಲಿಂಡರ್ ಯಾಕೆ ಸೋತಿತು, ಬಾಣಲೆಗೆ ಯಾವುದು ಸರಿ, ಬೈಕಿಗೆ ಯಾವುದು, ಲ್ಯಾಬಿನ ಪ್ಯಾನೆಲ್ಲಿಗೆ ಯಾವುದು, ಪೇಪರ್ ರಾಶಿಗೆ ಯಾವುದು ಅಂತ ಒಂದೊಂದಾಗಿ ನೋಡೋಣ.

ಆರಿತು ಅಂದರೆ ಏನರ್ಥ?

ಬೆಂಕಿಗೆ ಮೂರು ಬೇಕು: ಉರಿಯುವ ವಸ್ತು, ಆಮ್ಲಜನಕ, ಕಾವು. ಇದು ಹೈಸ್ಕೂಲಿನ ಪಾಠ. ಉರಿಯುವ ವಸ್ತುವಿನ ಆವಿ ಮತ್ತು ಗಾಳಿಯ ನಡುವೆ ಜ್ವಾಲೆಯಲ್ಲಿ ಎಡೆಬಿಡದೆ ನಡೆಯುವ ರಾಸಾಯನಿಕ ಸರಪಳಿ ನಾಲ್ಕನೆಯದು. ಯಾವ ಸಿಲಿಂಡರ್ ಆದರೂ ಈ ನಾಲ್ಕರಲ್ಲಿ ಒಂದನ್ನೋ ಎರಡನ್ನೋ ಕತ್ತರಿಸುತ್ತದೆ, ಅಷ್ಟೇ. ನೀರು ಕಾವನ್ನು ತೆಗೆಯುತ್ತದೆ. ಕಾರ್ಬನ್ ಡೈಆಕ್ಸೈಡ್ ಗಾಳಿಯನ್ನು ದೂರ ತಳ್ಳುತ್ತದೆ. ಫೋಮ್ ಮೇಲ್ಮೈಗೆ ಹೊದಿಕೆ ಹೊದಿಸುತ್ತದೆ. ಪೌಡರ್ ಮುಖ್ಯವಾಗಿ ಆ ಸರಪಳಿಯನ್ನು ಮುರಿಯುತ್ತದೆ.

ಪೌಡರ್ ಯಾವುದನ್ನು ಮಾಡಲ್ಲ ಅನ್ನುವುದನ್ನು ಗಮನಿಸಿ. ಅದು ತಣ್ಣಗೆ ಮಾಡುವುದು ತೀರಾ ಕಡಿಮೆ. ಜ್ವಾಲೆಯನ್ನು ಕ್ಷಣದಲ್ಲಿ ಹೊಡೆದು ಹಾಕುತ್ತದೆ, ಕೆಳಗಿರುವ ಎಣ್ಣೆಯ ಕಾವು ಹಾಗೇ ಉಳಿಯುತ್ತದೆ. ನಮ್ಮ ಬಾಣಲೆ ಮತ್ತೆ ಹತ್ತಿಕೊಂಡಿದ್ದು ಇದಕ್ಕೇ.

ಬಾಣಲೆಯ ಬೆಂಕಿ

ಬಜ್ಜಿ ಕರಿಯುವಾಗ ಎಣ್ಣೆ ಸುಮಾರು 180 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರುತ್ತದೆ. 230ರ ಆಸುಪಾಸಿಗೆ ಹೋದರೆ ಸಾಮಾನ್ಯ ರಿಫೈನ್ಡ್ ಎಣ್ಣೆ ಹೊಗೆ ಬಿಡೋಕೆ ಶುರು ಮಾಡುತ್ತದೆ. ಒಲೆ ಆರಿಸಬೇಕಾದ ಕಡೆಯ ಗಂಟೆ ಅದು. ಹಾಗೇ ಬಿಟ್ಟರೆ ಸುಮಾರು 360 ಡಿಗ್ರಿ ದಾಟಿದ ಮೇಲೆ ಕಿಡಿ ಕೂಡ ಬೇಕಿಲ್ಲ, ಎಣ್ಣೆ ತಾನಾಗಿ ಹೊತ್ತಿಕೊಳ್ಳುತ್ತದೆ. ಬೇರೆ ಬೆಂಕಿಗೂ ಇದಕ್ಕೂ ಇರುವ ವ್ಯತ್ಯಾಸ ಇದೇ: ಜ್ವಾಲೆ ಆರಿದರೂ ಎಣ್ಣೆ ಆ ಕಾವಿಗಿಂತ ಕೆಳಗೆ ಇಳಿಯುವ ತನಕ, ಗಾಳಿ ತಾಗಿದ ಕೂಡಲೇ ಮತ್ತೆ ಹತ್ತಿಕೊಳ್ಳುತ್ತದೆ. ಏಳೆಂಟು ಲೀಟರ್ ಎಣ್ಣೆ ಅಷ್ಟು ಬೇಗ ತಣಿಯಲ್ಲ.

ನೀರು ಹಾಕಿದರೆ ಏನಾಗುತ್ತದೆ? ನೀರು ಎಣ್ಣೆಗಿಂತ ಭಾರ, ಹಾಗಾಗಿ ತಳಕ್ಕೆ ಇಳಿಯುತ್ತದೆ. ಅಲ್ಲಿ 360 ಡಿಗ್ರಿ ಕಾವಿಗೆ ಒಂದೇ ಏಟಿಗೆ ಆವಿಯಾಗುತ್ತದೆ. ನೀರು ಆವಿಯಾದಾಗ ಸುಮಾರು 1700 ಪಟ್ಟು ಹಿಗ್ಗುತ್ತದೆ. ಲೆಕ್ಕ ಹಾಕಿ: 200 ಮಿಲಿಲೀಟರಿನ ಒಂದು ಲೋಟ ನೀರು 340 ಲೀಟರ್ ಆವಿ. ಅದು ಮೇಲೆ ಬರುವಾಗ ಉರಿಯುವ ಎಣ್ಣೆಯನ್ನು ಹನಿಹನಿಯಾಗಿ ಒಡೆದು ಮೇಲಕ್ಕೆ ಎಸೆಯುತ್ತದೆ. ಪ್ರತಿ ಹನಿಯ ಸುತ್ತಲೂ ಗಾಳಿ ಇರುವುದರಿಂದ ಬಾಣಲೆಯ ಬೆಂಕಿ ಛಾವಣಿ ಮುಟ್ಟುವ ಬೆಂಕಿಯ ಉಂಡೆಯಾಗುತ್ತದೆ. ಆ ಹುಡುಗನ ಕೈಯಲ್ಲಿ ಇದ್ದದ್ದು ಲೋಟ ಅಲ್ಲ, ಬಕೆಟ್.

ದೊಡ್ಡ ಅಡುಗೆಮನೆಗೆ ಸರಿಯಾದದ್ದು ವೆಟ್ ಕೆಮಿಕಲ್ ಸಿಲಿಂಡರ್. ಇದರ ಮೇಲೆ ಯುರೋಪಿನ ಪದ್ಧತಿಯಂತೆ ಎಫ್ ಅಂತಲೋ, ಅಮೆರಿಕದ ಪದ್ಧತಿಯಂತೆ ಕೆ ಅಂತಲೋ ಬರೆದಿರುತ್ತದೆ. ಒಳಗೆ ಇರುವುದು ಪೊಟ್ಯಾಶಿಯಂ ಲವಣಗಳ ದ್ರಾವಣ. ಉದ್ದನೆಯ ಕೊಳವೆಯ ತುದಿಯಿಂದ ಇದು ಸಣ್ಣ ತುಂತುರಾಗಿ, ಮೆತ್ತಗೆ ಬೀಳುತ್ತದೆ. ಈ ದ್ರಾವಣ ಕ್ಷಾರ, ಕಾದ ಎಣ್ಣೆ ಕೊಬ್ಬು. ಕ್ಷಾರವೂ ಕೊಬ್ಬೂ ಸೇರಿದರೆ ಸೋಪು! ಮೊದಲ ವರ್ಷದ ಕೆಮಿಸ್ಟ್ರಿಯ ಸಪಾನಿಫಿಕೇಶನ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಎಣ್ಣೆಯ ಮೇಲೆ ನೊರೆನೊರೆಯಾದ ಸೋಪಿನ ಪದರ ಕಟ್ಟಿ ಗಾಳಿ ತಾಗದಂತೆ ಮುಚ್ಚುತ್ತದೆ. ದ್ರಾವಣದಲ್ಲಿರುವ ನೀರಿನ ಸಣ್ಣ ಹನಿಗಳು ಮೇಲ್ಭಾಗದಲ್ಲೇ ಆವಿಯಾಗಿ ಕಾವನ್ನು ಇಳಿಸುತ್ತವೆ.

ಎಬಿಸಿ ಪೌಡರಿನಲ್ಲಿ ಇರುವುದು ಮೋನೋ ಅಮೋನಿಯಂ ಫಾಸ್ಫೇಟ್. ಅದು ಆಮ್ಲೀಯ, ಸೋಪು ಕಟ್ಟಲ್ಲ. ಕಾರ್ಬನ್ ಡೈಆಕ್ಸೈಡ್ ಕೂಡ ಇಲ್ಲಿ ಸೋಲುತ್ತದೆ: ಅನಿಲ ಚದುರಿದ ಕೂಡಲೇ ಗಾಳಿ ವಾಪಸ್ ಬರುತ್ತದೆ, ಎಣ್ಣೆ ಕಾದೇ ಇರುತ್ತದೆ. ಎರಡರ ರಭಸವೂ ಎಣ್ಣೆಯನ್ನು ಚಿಮ್ಮಿಸುತ್ತದೆ.

ಮನೆಯಲ್ಲೋ ರೂಮಿನಲ್ಲೋ ಸಣ್ಣ ಬಾಣಲೆ ಹತ್ತಿಕೊಂಡರೆ ಸಿಲಿಂಡರ್ ಹುಡುಕುವುದೇ ಬೇಡ. ಗ್ಯಾಸ್ ಆರಿಸಿ. ಕೈ ಹೋಗುವಂತಿಲ್ಲದಿದ್ದರೆ ರೆಗ್ಯುಲೇಟರ್ ಆಫ್ ಮಾಡಿ. ಬಾಣಲೆಗಿಂತ ದೊಡ್ಡದಾದ ಲೋಹದ ಮುಚ್ಚಳವನ್ನು ನಿಮ್ಮ ಕಡೆಯಿಂದ ಆಚೆಗೆ ಜಾರಿಸಿ ಮುಚ್ಚಿ. ಹಾಗೆ ಮಾಡಿದರೆ ಮುಚ್ಚಳವೇ ನಿಮಗೂ ಬೆಂಕಿಗೂ ನಡುವೆ ಗುರಾಣಿಯಾಗುತ್ತದೆ. ಆಮೇಲೆ ಅರ್ಧ ಗಂಟೆ ಮುಚ್ಚಳ ಎತ್ತಬೇಡಿ. "ಆರಿತಾ ನೋಡೋಣ" ಅಂತ ಎತ್ತಿದರೆ ಗಾಳಿ ಒಳಗೆ ಹೋಗಿ ಮತ್ತೆ ಹತ್ತಿಕೊಳ್ಳುತ್ತದೆ. ಉರಿಯುವ ಬಾಣಲೆಯನ್ನು ಎತ್ತಿ ಹೊರಗೆ ಒಯ್ಯುವ ಸಾಹಸವಂತೂ ಬೇಡವೇ ಬೇಡ.

ಅಡುಗೆಮನೆಯಲ್ಲಿ ಇನ್ನೊಂದು ಬೆಂಕಿ ಇದೆ, ಗ್ಯಾಸ್ ಪೈಪಿನದು. ಸೋರುವ ಜಾಗದಲ್ಲಿ ಜ್ವಾಲೆ ಉರೀತಿದ್ದರೆ ಮೊದಲು ವಾಲ್ವ್ ಮುಚ್ಚಿ, ಬೆಂಕಿ ತಾನೇ ಸಾಯುತ್ತದೆ. ವಾಲ್ವ್ ಮುಚ್ಚದೇ ಪೌಡರ್ ಹೊಡೆದು ಜ್ವಾಲೆ ಆರಿಸಿದರೆ ಗ್ಯಾಸ್ ಸೋರುತ್ತಲೇ ಇರುತ್ತದೆ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡಿ ಎಲ್ಲೋ ಒಂದು ಕಿಡಿಗಾಗಿ ಕಾಯುತ್ತದೆ. ಆಗ ಆಗುವುದು ಬೆಂಕಿಯಲ್ಲ, ಸ್ಫೋಟ. ವಾಲ್ವ್ ಕೈಗೆ ಸಿಗದಿದ್ದರೆ ಎಲ್ಲರನ್ನೂ ಹೊರಗೆ ಕಳಿಸಿ ಫೈರ್ ಸ್ಟೇಷನ್ನಿಗೆ ಫೋನ್ ಮಾಡಿ.

ಪೆಟ್ರೋಲ್ ಬೆಂಕಿ

ಈಗ ಪಾರ್ಕಿಂಗ್‌ಗೆ ಬನ್ನಿ. ಬೈಕಿನ ಪೈಪ್ ಸೋರಿ ಕೆಳಗೆ ಪೆಟ್ರೋಲ್ ನಿಂತಿದೆ, ಹತ್ತಿಕೊಂಡಿದೆ ಅಂತಿಟ್ಟುಕೊಳ್ಳಿ. ಪೆಟ್ರೋಲಿನ ಸ್ವಭಾವ ಅಡುಗೆ ಎಣ್ಣೆಗೆ ಪೂರ್ತಿ ಉಲ್ಟಾ. ಅದು ಕಾಯಬೇಕಿಲ್ಲ. ಸೊನ್ನೆಗಿಂತ 40 ಡಿಗ್ರಿ ಕೆಳಗೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಉರಿಯುವುದು ಈ ಆವಿ. ಅದೂ ಗಾಳಿಗಿಂತ ಭಾರ, ನೆಲ ಹಿಡಿದು ಹರಿದು ಮೂರ್ನಾಲ್ಕು ಬೈಕಿನ ಆಚೆ ಇರುವ ಕಿಡಿಯನ್ನೂ ಮುಟ್ಟಬಹುದು.

ನೀರು ಹಾಕಿದರೆ ಪೆಟ್ರೋಲ್ ಅದರ ಮೇಲೆ ತೇಲುತ್ತದೆ, ನೀರು ಹರಿದ ಕಡೆಗೆಲ್ಲ ಬೆಂಕಿಯನ್ನು ಕರೆದುಕೊಂಡು ಹೋಗುತ್ತದೆ. ಇಲ್ಲಿ ಕೆಲಸ ಮಾಡುವುದು ಎರಡು: ಪೌಡರ್ ಮತ್ತು ಫೋಮ್.

ಪೌಡರ್ ವೇಗವಾಗಿ ಕೊಲ್ಲುತ್ತದೆ. ಬಾಣಲೆಯಲ್ಲಿ ಸೋತ ಅದೇ ಎಬಿಸಿ ಇಲ್ಲಿ ಗೆಲ್ಲುತ್ತದೆ, ಯಾಕಂದರೆ ಆಗಷ್ಟೇ ಹತ್ತಿಕೊಂಡ ಪೆಟ್ರೋಲಿನ ದ್ರವ ಇನ್ನೂ ತಣ್ಣಗಿರುತ್ತದೆ. ಆದರೆ ಅಲ್ಲೇ ಕಾದ ಸೈಲೆನ್ಸರ್ ಇದ್ದರೆ, ಪೌಡರ್ ಮೋಡ ಕರಗಿದ ಮೇಲೆ ಅದರ ಕಾವಿಗೆ ಆವಿ ಮತ್ತೆ ಹೊತ್ತಿಕೊಳ್ಳಬಹುದು. ಅದಕ್ಕೇ ಸ್ವಲ್ಪ ಪೌಡರ್ ಉಳಿಸಿಕೊಂಡು ನಳಿಕೆಯನ್ನು ಆ ಕಡೆಗೇ ಹಿಡಿದು ಕಾಯಬೇಕು.

ಫೋಮ್ ನಿಧಾನ, ಆದರೆ ಹೊದ್ದುಕೊಂಡು ಉಳಿಯುತ್ತದೆ, ಆವಿ ಮೇಲೇಳದಂತೆ ಹಿಡಿಯುತ್ತದೆ. ಅದನ್ನು ನೇರವಾಗಿ ಪೆಟ್ರೋಲಿನೊಳಗೆ ಹೊಡೆಯಬಾರದು. ಹೊಡೆದರೆ ದ್ರವ ಕದಡಿ ಚಿಮ್ಮುತ್ತದೆ, ನೊರೆ ಮುಳುಗುತ್ತದೆ. ಹಿಂದೆ ಗೋಡೆ ಇದ್ದರೆ ಗೋಡೆಗೆ ಹೊಡೆದು ಕೆಳಗೆ ಜಾರಿ ಹರಡಲು ಬಿಡಿ. ಗೋಡೆ ಇಲ್ಲದಿದ್ದರೆ ಬೆಂಕಿಯ ಮುಂದಿನ ನೆಲಕ್ಕೆ ಹೊಡೆದು ನೊರೆ ತಾನಾಗಿ ಮುಂದೆ ಸಾಗುವಂತೆ ಮಾಡಿ. ಇನ್ನೊಂದು ಮಾತು, ಕೆಮಿಸ್ಟ್ರಿ ಲ್ಯಾಬಿನವರಿಗೆ: ಆಲ್ಕೋಹಾಲ್ ಮತ್ತು ಅಸಿಟೋನ್ ನೀರಿನಲ್ಲಿ ಬೆರೆಯುವ ದ್ರವಗಳು. ಸಾಮಾನ್ಯ ಫೋಮಿನ ನೊರೆಯಲ್ಲಿರುವ ನೀರನ್ನು ಅವು ಹೀರಿಕೊಂಡು ನೊರೆಯನ್ನು ಒಡೆಯುತ್ತವೆ. ಅಲ್ಲಿಗೆ ಆಲ್ಕೋಹಾಲ್ ತಡೆಯುವ ಫೋಮ್ ಅಂತ ಬರೆದದ್ದೇ ಬೇಕು, ಇಲ್ಲವೇ ಪೌಡರ್.

ಕರೆಂಟಿನ ಬೆಂಕಿ

ಕರೆಂಟಿನ ಬೆಂಕಿ ಅಂತ ನಾವು ಹೇಳುತ್ತೇವೆ, ನಿಜವಾಗಿ ಕರೆಂಟು ಉರಿಯಲ್ಲ. ಉರಿಯುವುದು ವೈರಿನ ಪ್ಲಾಸ್ಟಿಕ್ ಹೊದಿಕೆ, ಬೋರ್ಡು, ಧೂಳು. ಕರೆಂಟು ಕಾವು ಕೊಡುತ್ತಾ ಇರುತ್ತದೆ, ಜೊತೆಗೆ ಆರಿಸಲು ಬಂದವರನ್ನು ಹೊಡೆಯುತ್ತದೆ. ಆದ್ದರಿಂದ ಮೊದಲ ಅಸ್ತ್ರ ಸಿಲಿಂಡರ್ ಅಲ್ಲ, ಎಂಸಿಬಿ. ಸಪ್ಲೈ ಕಡಿದ ಕ್ಷಣದಿಂದ ಅದು ಮಾಮೂಲಿ ಪ್ಲಾಸ್ಟಿಕ್ ಬೆಂಕಿ, ಎಷ್ಟೋ ಸಲ ತಾನೇ ಆರಿಹೋಗುತ್ತದೆ. ಕಡಿಯದೇ ಎಷ್ಟು ಆರಿಸಿದರೂ ಶಾರ್ಟ್ ಆದ ಜಾಗ ಮತ್ತೆ ಹೊತ್ತಿಸುತ್ತದೆ. ಕಂಪ್ಯೂಟರ್ ಲ್ಯಾಬಿನಲ್ಲಿ ಇನ್ನೊಂದು ಎಚ್ಚರ ಬೇಕು: ಮೇನ್ ಸ್ವಿಚ್ ಆಫ್ ಮಾಡಿದರೂ ಯುಪಿಎಸ್ ತನ್ನ ಬ್ಯಾಟರಿಯಿಂದ ಕರೆಂಟು ಕೊಡುತ್ತಲೇ ಇರುತ್ತದೆ. ಅದರದ್ದೂ ಬೇರೆ ಸ್ವಿಚ್ ಆಫ್ ಆಗಬೇಕು.

ಕರೆಂಟು ಹೋಗಿದೆಯೋ ಇಲ್ಲವೋ ಖಾತ್ರಿ ಇಲ್ಲದಿದ್ದರೆ ನೀರು, ಫೋಮ್ ಎರಡೂ ಬೇಡ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಬಳಸಿ. ಅದು ವಿದ್ಯುತ್ ವಾಹಕವಲ್ಲ, ಆರಿದ ಮೇಲೆ ಒಂದು ಚೂರೂ ಕಸ ಉಳಿಯಲ್ಲ. ಎಬಿಸಿ ಪೌಡರೂ ವಿದ್ಯುತ್ ವಾಹಕವಲ್ಲ. ಸಿಲಿಂಡರಿನ ಮೇಲೆ ಎಷ್ಟು ವೋಲ್ಟ್ ತನಕ, ಎಷ್ಟು ದೂರದಿಂದ ಅಂತ ಬರೆದಿರುವುದನ್ನು ನೋಡಿ ಬಳಸಬಹುದು. ಆದರೆ ಆ ಪುಡಿ ತೇವ ಹೀರಿಕೊಂಡು ತಾಮ್ರದ ಟ್ರ್ಯಾಕುಗಳನ್ನು ತಿನ್ನುತ್ತದೆ. ಒಂದು ಸಿಸ್ಟಮ್ ಉಳಿಸಲು ಹೋಗಿ ಪಕ್ಕದ ಹತ್ತು ಸಿಸ್ಟಮ್ ಕೆಟ್ಟು ಹೋಗಬಹುದು.

ಕಾರ್ಬನ್ ಡೈಆಕ್ಸೈಡಿಗೂ ಬೆಲೆ ತೆರಬೇಕು. ಸಾಮಾನ್ಯವಾಗಿ ಕಾಣುವ 4.5 ಕೆ.ಜಿ. ಸಿಲಿಂಡರ್ ತಗೊಳ್ಳಿ. ಮೋಲಾರ್ ತೂಕ 44, ಅಂದರೆ ಸುಮಾರು 102 ಮೋಲ್. ಕೋಣೆಯ ಕಾವಿನಲ್ಲಿ ಒಂದು ಮೋಲಿಗೆ 24.5 ಲೀಟರ್ ಹಿಡಿದರೆ 2500 ಲೀಟರ್, ಅಂದರೆ 2.5 ಘನ ಮೀಟರ್ ಅನಿಲ. ಮೂರು ಮೀಟರ್ ಉದ್ದ, ಅಗಲ, ಎತ್ತರದ ಯುಪಿಎಸ್ ರೂಮು 27 ಘನ ಮೀಟರ್. ಬಾಗಿಲು ಹಾಕಿ ಪೂರ್ತಿ ಸಿಲಿಂಡರ್ ಖಾಲಿ ಮಾಡಿದರೆ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಹತ್ತಿರ ಹತ್ತಿರ ನೂರಕ್ಕೆ 9 ಭಾಗ. ನೂರಕ್ಕೆ 4 ಭಾಗವನ್ನೇ ಜೀವಕ್ಕೆ ತಕ್ಷಣದ ಅಪಾಯ ಅಂತ ಎಣಿಸುತ್ತಾರೆ. ಹಾಗಾಗಿ ಸಣ್ಣ ಕೋಣೆಯಲ್ಲಿ ಬಾಗಿಲಲ್ಲಿ ನಿಂತೇ ಹೊಡೆಯಿರಿ, ಹೊಡೆದು ಹೊರಗೆ ಬನ್ನಿ, ಗಾಳಿ ಆಡುವ ತನಕ ಒಳಗೆ ಹೋಗಬೇಡಿ.

ಇದರ ಕಪ್ಪು ಹಾರ್ನ್ ಇದೆಯಲ್ಲ, ಅದನ್ನು ಬರಿಗೈಯಲ್ಲಿ ಹಿಡಿಯಬಾರದು. ಹೊರಬರುವ ಅನಿಲದಲ್ಲಿ ಸ್ವಲ್ಪ ಭಾಗ ಸೊನ್ನೆಗಿಂತ 78 ಡಿಗ್ರಿ ಕೆಳಗಿನ ಡ್ರೈ ಐಸ್ ಆಗಿರುತ್ತದೆ. ಕೈ ಅಂಟಿಕೊಂಡು ಚರ್ಮ ಸುಟ್ಟಂತಾಗುತ್ತದೆ. ಹಾರ್ನಿನ ಮೇಲಿರುವ ಹಿಡಿಯನ್ನೇ ಹಿಡಿಯಿರಿ.

ಇಲ್ಲೊಂದು ಗೊಂದಲ ಬಿಡಿಸಬೇಕು. ಅಮೆರಿಕದ ವೀಡಿಯೋ ನೋಡಿದವರು "ಸಿ ಅಂದ್ರೆ ಕರೆಂಟು" ಅಂತ ಹೇಳುವುದನ್ನು ಕೇಳಿದ್ದೇನೆ. ಅದು ಅವರ ಪದ್ಧತಿ. ನಮ್ಮಲ್ಲಿ ಎ ಅಂದರೆ ಕಟ್ಟಿಗೆ, ಕಾಗದ, ಬಟ್ಟೆಯಂಥ ಘನ ವಸ್ತು. ಬಿ ಅಂದರೆ ಪೆಟ್ರೋಲಿನಂಥ ದ್ರವ. ಸಿ ಅಂದರೆ ಗ್ಯಾಸ್. ಕರೆಂಟಿಗೆ ಬೇರೆ ಅಕ್ಷರವೇ ಇಲ್ಲ. ಅಕ್ಷರ ನೋಡಿ ಊಹೆ ಮಾಡದೇ ಕರೆಂಟಿನ ಬಗ್ಗೆ ಲೇಬಲ್ಲಿನಲ್ಲಿ ಏನು ಬರೆದಿದೆ ಅಂತ ಓದಿ.

ಕಾಗದದ ಬೆಂಕಿ

ಕಾಗದ ಎಲ್ಲಕ್ಕಿಂತ ಸುಲಭ ಅಂತ ಅನ್ನಿಸುತ್ತದೆ. ಜೆರಾಕ್ಸ್ ಅಂಗಡಿಯ ಹಿಂದೆ ಕಟ್ಟು ಕಟ್ಟಿಟ್ಟ ಹಳೇ ಪೇಪರಿನ ರಾಶಿಗೆ ಬೆಂಕಿ ಬಿದ್ದಿದೆ ಅಂದುಕೊಳ್ಳಿ. ಕಾಗದಕ್ಕೆ ಜ್ವಾಲೆ ಮಾತ್ರ ಅಲ್ಲ, ಕೆಂಡವೂ ಇದೆ. ಕಟ್ಟಿನ ಒಳಗೆ, ಗಾಳಿ ಕಡಿಮೆ ಇದ್ದರೂ, ಕೆಂಡ ಗಂಟೆಗಟ್ಟಲೆ ಉಸಿರಾಡಿಕೊಂಡು ಇರುತ್ತದೆ.

ಇಲ್ಲಿ ಕಾರ್ಬನ್ ಡೈಆಕ್ಸೈಡ್ ಅತ್ಯಂತ ಕೆಟ್ಟ ಆಯ್ಕೆ. ಜ್ವಾಲೆ ಆರುತ್ತದೆ, ಕೆಂಡ ಉಳಿಯುತ್ತದೆ, ಅನಿಲ ಚದುರಿದ ಮೇಲೆ ಮತ್ತೆ ಹತ್ತಿಕೊಳ್ಳುತ್ತದೆ. ಅದರ ರಭಸಕ್ಕೆ ಉರಿಯುವ ಹಾಳೆಗಳು ಹಾರಿ ಇನ್ನೊಂದು ಮೂಲೆಗೂ ಬೆಂಕಿ ಹೋಗುತ್ತದೆ. ಬಾಣಲೆಗೆ ಶತ್ರುವಾಗಿದ್ದ ನೀರು ಇಲ್ಲಿ ಪರಮಮಿತ್ರ. ಒಂಬತ್ತು ಲೀಟರಿನ ನೀರಿನ ಸಿಲಿಂಡರ್, ಅದಿಲ್ಲದಿದ್ದರೆ ಬಕೆಟ್ ಕೂಡ ಆದೀತು. ಸುತ್ತಮುತ್ತ ಕರೆಂಟಿನ ವೈರು ಇಲ್ಲ ಅಂತ ಮೊದಲು ನೋಡಿಕೊಳ್ಳಬೇಕು ಅಷ್ಟೇ.

ಎಬಿಸಿ ಪೌಡರೂ ಇಲ್ಲಿ ನಡೆಯುತ್ತದೆ. ಅದರ ಫಾಸ್ಫೇಟ್ ಕಾವಿಗೆ ಕರಗಿ ಕೆಂಡದ ಮೇಲೆ ಗಾಜಿನಂಥ ಅಂಟು ಪದರವಾಗಿ ಕೂರುತ್ತದೆ. ಆದರೆ ಅದು ಕೂರುವುದು ಮೇಲ್ಮೈಯಲ್ಲಿ. ನೀರಾದರೂ ಪೌಡರಾದರೂ ಕೊನೆಯ ಕೆಲಸ ಒಂದೇ: ಕೋಲಿನಿಂದ ಕಟ್ಟು ಬಿಡಿಸಿ, ಒಳಗಿನ ಪದರ ಕೆದಕಿ, ಹೊಗೆ ಬರುವ ಪ್ರತಿ ಜಾಗಕ್ಕೂ ನೀರು ಹಾಕುವುದು. ಸಂಜೆ ಆರಿಸಿ ಬೀಗ ಹಾಕಿ ಹೋದ ಕೋಣೆಗೆ ಮಧ್ಯರಾತ್ರಿ ಮತ್ತೆ ಬೆಂಕಿ ಬೀಳುವುದು ಈ ಕೆಲಸ ಬಿಟ್ಟಾಗ.

ಇಲ್ಲಿಗೆ ಆಯ್ಕೆಯ ಭಾಗ ಮುಗಿಯಿತು. ಒಟ್ಟಿಗೆ ಬರೆದರೆ ಹೀಗೆ:

- ಕಾದ ಅಡುಗೆ ಎಣ್ಣೆ: ಚಿಕ್ಕದಕ್ಕೆ ಮುಚ್ಚಳ, ದೊಡ್ಡದಕ್ಕೆ ವೆಟ್ ಕೆಮಿಕಲ್. ನೀರು ಎಂದಿಗೂ ಬೇಡ.
- ಪೆಟ್ರೋಲ್: ಎಬಿಸಿ ಪೌಡರ್ ಅಥವಾ ಫೋಮ್. ನೀರು ಬೇಡ.
- ಕರೆಂಟು: ಮೊದಲು ಸ್ವಿಚ್, ಆಮೇಲೆ ಕಾರ್ಬನ್ ಡೈಆಕ್ಸೈಡ್. ನೀರು, ಫೋಮ್ ಬೇಡ.
- ಕಾಗದ, ಕಟ್ಟಿಗೆ, ಬಟ್ಟೆ: ನೀರು ಅಥವಾ ಎಬಿಸಿ ಪೌಡರ್. ಕಾರ್ಬನ್ ಡೈಆಕ್ಸೈಡ್ ಸಾಲದು.

ಕೈಗೆ ತಗೊಂಡ ಮೇಲೆ

ಮೆಸ್ಸಿನ ಘಟನೆ ಆದ ಮೇಲೆ ಫೈರ್ ಸ್ಟೇಷನ್ನಿನವರು ಬಂದು ಮೈದಾನದಲ್ಲಿ ಒಂದು ಡೆಮೊ ಕೊಟ್ಟರು. ತಗಡಿನ ತಟ್ಟೆಯಲ್ಲಿ ಸ್ವಲ್ಪ ಡೀಸೆಲ್, ಪೆಟ್ರೋಲ್ ಹಾಕಿ ಹಚ್ಚಿ, "ಯಾರ್ ಬರ್ತೀರಾ?" ಅಂದರು. ನಾನು ಹೋದೆ. ಮುಂದೆ ಬರೆದಿರುವುದು ನಾನು ಮಾಡಿದ ತಪ್ಪುಗಳಿಂದ ಕಲಿತದ್ದು.

ಮೊದಲ ತಪ್ಪು, ಪಿನ್ನು ಬರಲೇ ಇಲ್ಲ. ಗಾಬರಿಯಲ್ಲಿ ಒಂದು ಕೈಯಿಂದ ಹಿಡಿಕೆಯನ್ನು ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಪಿನ್ ಎಳೀತಿದ್ದೆ. ಹಿಡಿಕೆ ಒತ್ತಿದಷ್ಟೂ ಪಿನ್ ಸಿಕ್ಕಿಕೊಳ್ಳುತ್ತದೆ. "ಸಿಲಿಂಡರ್ ಕೆಳಗಿಡಪ್ಪಾ, ಹಿಡಿಕೆ ಬಿಡು, ಪಿನ್ ತಿರುಗಿಸಿ ಎಳಿ" ಅಂದರು ಅವರು. ಪ್ಲಾಸ್ಟಿಕ್ ಸೀಲು ಪಟ್ ಅಂತ ಕಿತ್ತು ಪಿನ್ ಬಂತು.

ಎರಡನೆಯದು, ಗುರಿ. ಜ್ವಾಲೆ ಕಣ್ಣಿಗೆ ಕಾಣುವುದು ಮೇಲೆ, ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ. ಹೊಡೆಯಬೇಕಾದದ್ದು ಬುಡಕ್ಕೆ, ವಸ್ತು ಉರಿಯುವ ಜಾಗಕ್ಕೆ. ನನ್ನ ಮೊದಲ ಮೂರು ಸೆಕೆಂಡಿನ ಪೌಡರ್ ಪೂರ್ತಿ ಗಾಳಿಗೆ ಹೋಯಿತು. ಮೂರು ಸೆಕೆಂಡು ಅಂದರೆ ಸಣ್ಣ ಮಾತಲ್ಲ. ನಾಲ್ಕರಿಂದ ಆರು ಕೆ.ಜಿ.ಯ ಪೌಡರ್ ಸಿಲಿಂಡರ್ ಒಟ್ಟು ಬರುವುದೇ ಹದಿಮೂರರಿಂದ ಹದಿನೈದು ಸೆಕೆಂಡು. ಒಂದು ಕೆ.ಜಿ.ಯದ್ದು ಎಂಟು ಸೆಕೆಂಡಿನಷ್ಟು.

ಮೂರನೆಯದು, ದೂರ. ಪೌಡರಿಗೆ ಎರಡೂವರೆ ಮೂರು ಮೀಟರ್ ದೂರದಿಂದ ಶುರು ಮಾಡಿ, ಬೆಂಕಿ ಹಿಂದೆ ಸರಿದ ಹಾಗೆ ಹೆಜ್ಜೆ ಹೆಜ್ಜೆ ಮುಂದೆ ಹೋಗಬೇಕು. ಕಾರ್ಬನ್ ಡೈಆಕ್ಸೈಡ್ ಅಷ್ಟು ದೂರ ಹೋಗಲ್ಲ, ಒಂದರಿಂದ ಎರಡು ಮೀಟರ್ ಹತ್ತಿರ ಹೋಗಬೇಕು. ಬಯಲಿನಲ್ಲಿ ಗಾಳಿ ಬೆನ್ನ ಕಡೆಯಿಂದ ಬೀಸುವಂತೆ ನಿಲ್ಲಿ. ಒಳಗಾದರೆ ಬಾಗಿಲು ಬೆನ್ನ ಹಿಂದೆ ಇರಲಿ.

ನಾಲ್ಕನೆಯದು, ಕೈ ಆಡಿಸುವುದು. ಒಂದೇ ಜಾಗಕ್ಕೆ ಹಿಡಿದರೆ ಅಲ್ಲಿ ಗುಂಡಿ ಬಿದ್ದಂತೆ ಆರುತ್ತದೆ, ಎರಡೂ ಪಕ್ಕದಿಂದ ಬೆಂಕಿ ಸುತ್ತಿಕೊಂಡು ವಾಪಸ್ ಬರುತ್ತದೆ. ನಿಮಗೆ ಹತ್ತಿರದ ಅಂಚಿನಿಂದ ಶುರು ಮಾಡಿ, ಕಸ ಗುಡಿಸುವ ಹಾಗೆ ಎಡಕ್ಕೂ ಬಲಕ್ಕೂ, ಬೆಂಕಿಯ ಅಗಲಕ್ಕಿಂತ ತುಸು ಹೆಚ್ಚೇ ಆಡಿಸುತ್ತಾ ಹೋಗಿ.

ಎಲ್ಲ ಆರಿದ ಮೇಲೆ ನಾನು ತಿರುಗಿ ಗೆಳೆಯರ ಕಡೆ ನೋಡಿ ನಕ್ಕೆ. ಅವರು ಹೆಗಲು ಹಿಡಿದು ಬೆಂಕಿಯ ಕಡೆಗೇ ತಿರುಗಿಸಿದರು. "ಬೆಂಕಿಗೆ ಬೆನ್ನು ಕೊಡ್ಬಾರ್ದು. ನೋಡ್ಕೊಂಡೇ ಹಿಂದಕ್ಕೆ ಬಾ." ಐದನೇ ತಪ್ಪು ಅದು.

ಯಾವಾಗ ಬಿಟ್ಟು ಓಡಬೇಕು

ಕೈಯಲ್ಲಿ ಹಿಡಿಯುವ ಸಿಲಿಂಡರ್ ಇರುವುದು ಕಸದ ಬುಟ್ಟಿಯಷ್ಟು ಬೆಂಕಿಗೆ. ಜ್ವಾಲೆ ನಿಮ್ಮ ಸೊಂಟ ದಾಟಿದ್ದರೆ, ಹೊಗೆ ಛಾವಣಿಯಿಂದ ತಲೆಯ ಮಟ್ಟಕ್ಕೆ ಇಳಿಯುತ್ತಿದ್ದರೆ, ಅಥವಾ ಹೊರಗೆ ಹೋಗುವ ದಾರಿ ಬೆಂಕಿಯ ಆಚೆಗಿದ್ದರೆ, ಪಿನ್ನಿಗೆ ಕೈ ಹಾಕಲೇಬೇಡಿ. ಒಂದು ಸಿಲಿಂಡರ್ ಖಾಲಿಯಾದರೂ ಆರದಿದ್ದರೆ ಎರಡನೆಯದನ್ನು ಹುಡುಕಲು ಹೋಗಬೇಡಿ, ಅಷ್ಟರಲ್ಲಿ ಬೆಂಕಿ ನಿಮ್ಮನ್ನು ಮೀರಿರುತ್ತದೆ. ಎಲ್ಲರನ್ನೂ ಹೊರಗೆ ಕಳಿಸಿ, ಹೋಗುವಾಗ ಬಾಗಿಲು ಎಳೆದುಕೊಳ್ಳಿ, 112ಕ್ಕೋ 101ಕ್ಕೋ ಫೋನ್ ಮಾಡಿ. ಇನ್ನೂ ಒಳ್ಳೆಯದೆಂದರೆ, ನೀವು ಸಿಲಿಂಡರ್ ಎತ್ತುವ ಹೊತ್ತಿಗೇ ಇನ್ನೊಬ್ಬರು ಫೋನ್ ಮಾಡುತ್ತಿರಬೇಕು.

ಗೋಡೆಯ ಮೇಲಿರುವಾಗಲೇ

ಕೊನೆಯದಾಗಿ, ಬೇಕಾದ ದಿನ ಸಿಲಿಂಡರ್ ಕೆಲಸ ಮಾಡುತ್ತದೋ ಇಲ್ಲವೋ ಅಂತ ಇವತ್ತೇ ತಿಳಿಯುವುದು ಹೇಗೆ? ಪೌಡರ್, ನೀರು, ಫೋಮ್, ವೆಟ್ ಕೆಮಿಕಲ್‌ನ ಒತ್ತಡ ತುಂಬಿದ ಸಿಲಿಂಡರುಗಳಲ್ಲಿ ಸಣ್ಣ ಗೇಜ್ ಇರುತ್ತದೆ, ಮುಳ್ಳು ಹಸಿರಿನಲ್ಲಿ ಇರಬೇಕು. ಕಾರ್ಬನ್ ಡೈಆಕ್ಸೈಡಿಗೆ ಸಾಮಾನ್ಯವಾಗಿ ಗೇಜ್ ಇರಲ್ಲ, ಅದು ಕೆಟ್ಟಿದೆ ಅಂತ ತಿಳಿಯಬೇಡಿ. ಅದನ್ನು ತೂಗಿ ನೋಡಬೇಕು: ಖಾಲಿ ತೂಕವನ್ನು ಸಿಲಿಂಡರಿನ ಮೇಲೇ ಕೊರೆದಿರುತ್ತಾರೆ, ಅದನ್ನು ಕಳೆದು ಉಳಿದದ್ದು ತುಂಬಿದ ಅನಿಲ. ಅದರಲ್ಲಿ ನೂರಕ್ಕೆ ಹತ್ತು ಕಡಿಮೆಯಾಗಿದ್ದರೆ ತುಂಬಿಸಬೇಕು. ಪೌಡರ್ ಸಿಲಿಂಡರನ್ನು ಎರಡು ಸೆಕೆಂಡು ಮಾತ್ರ ಬಳಸಿ ವಾಪಸ್ ನೇತುಹಾಕುವುದು ದೊಡ್ಡ ಮೋಸ. ಪುಡಿಯ ಕಣಗಳು ವಾಲ್ವಿನಲ್ಲಿ ಸಿಕ್ಕಿಕೊಂಡು ಒತ್ತಡ ನಿಧಾನವಾಗಿ ಸೋರಿ ಹೋಗುತ್ತದೆ. ಹೋಳಿಯಲ್ಲಿ ತಮಾಷೆಗೆ "ಸ್ವಲ್ಪ" ಹೊಡೆದವರು ಇದನ್ನು ಎರಡು ಸಲ ಓದಿ.

ನಮ್ಮ ಮೆಸ್ಸಿನಲ್ಲಿ ಈಗ ಅಡುಗೆಮನೆಯ ಬಾಗಿಲ ಪಕ್ಕ, ಒಲೆಯಿಂದ ದೂರದಲ್ಲಿ, ವೆಟ್ ಕೆಮಿಕಲ್ ಸಿಲಿಂಡರ್ ನೇತಾಡುತ್ತಿದೆ. ಒಲೆಯ ಪಕ್ಕದಲ್ಲೇ ಇಟ್ಟರೆ ಬೆಂಕಿ ದಾಟಿ ಅದನ್ನು ತರಬೇಕಾಗುತ್ತದೆ, ಅದಕ್ಕೇ ಬಾಗಿಲ ಬಳಿ. ಮುಂಗೈ ಸುಟ್ಟುಕೊಂಡವರಿಗೆ ಅವತ್ತು ಭಟ್ರೇ ನಲ್ಲಿಯ ಕೆಳಗೆ ಇಪ್ಪತ್ತು ನಿಮಿಷ ಕೈ ಹಿಡಿಸಿದ್ದರು, ಗಾಯ ವಾಸಿಯಾಗಿದೆ. ಭಟ್ರನ್ನು ನಾನು ಕೇಳಿದೆ, "ನೀರು ಹಾಕ್ಬಾರ್ದು ಅಂತ ನಿಮಗೆ ಹೇಗೆ ಗೊತ್ತಿತ್ತು ಭಟ್ರೇ?" ಅವರು ಎಡಗೈಯ ತೋಳು ಮೇಲೆತ್ತಿ ಮೊಣಕೈ ತನಕ ಇದ್ದ ಹಳೇ ಕಲೆ ತೋರಿಸಿದರು. "ಹದಿನಾರನೇ ವಯಸ್ಸಲ್ಲಿ ನಾನೂ ಒಂದ್ ತಂಬಿಗೆ ಹಾಕಿದ್ದೆ ಕಣಪ್ಪಾ" ಅಂದರು.

ಇವತ್ತು ಕ್ಲಾಸು ಮುಗಿಸಿ ರೂಮಿಗೆ ಹೋಗುವಾಗ ನಿಮ್ಮ ಫ್ಲೋರಿನ ಸಿಲಿಂಡರ್ ಹತ್ತಿರ ಒಂದು ನಿಮಿಷ ನಿಲ್ಲಿ. ಯಾವ ಬಗೆಯದ್ದು, ಮುಳ್ಳು ಎಲ್ಲಿದೆ, ತುಂಬಿಸಿದ ದಿನಾಂಕ ಯಾವುದು ಅಂತ ಓದಿ. ಮುಳ್ಳು ಕೆಂಪಿನಲ್ಲಿದ್ದರೆ ಫೋಟೋ ತೆಗೆದು ವಾರ್ಡನ್ನಿಗೆ ಕಳಿಸಿ.